ಉಣ್ಣೆಯ ಕೋಟು ಲಿನನ್‌ನಲ್ಲಿ
ಉಣ್ಣೆಯ ಬ್ಲೇಜರ್. ಕೊಂಬಿನ ಗುಂಡಿ, ಕಾಲರಿನ ಅಂಚಿನಿಂದ ಕಾಲು ಇಂಚು ಒಳಗೆ ಕೈಹೊಲಿಗೆ. ಅದೇ ಅಂದ ಲಿನನ್‌ನಲ್ಲಿ ಬೇಕು.

ಕತ್ತರಿ ಹಿಡಿಯುವ ಮೊದಲೇ ದರ್ಜಿ ಬಟ್ಟೆಯನ್ನು ನೆನೆಸಿ ಒಣಗಿಸುತ್ತಾರೆ; ಕುಗ್ಗುವುದೆಲ್ಲ ಆಗಲೇ ಕುಗ್ಗಲಿ.

ನಿಜವಾದ ತೊಡಕಿರುವುದು ತೋಳಿನಲ್ಲಿ. ಈ ಕೋಟಿನ ತೋಳಿನ ಮೇಲಂಚು, ಅದು ಕೂರುವ ಕಂಕುಳ ಸುತ್ತಿಗಿಂತ ಒಂದೂವರೆ ಇಂಚು ಉದ್ದ. ಹಬೆ ಇಸ್ತ್ರಿ ತಗುಲಿದರೆ ಉಣ್ಣೆ ಕುಗ್ಗಿ ಆ ಹೆಚ್ಚುವರಿಯನ್ನು ನುಂಗಿಬಿಡುತ್ತದೆ. ಲಿನನ್ ನುಂಗುವುದಿಲ್ಲ, ಭುಜದ ಮೇಲೆ ಸಣ್ಣ ನೆರಿಗೆ ಏಳುತ್ತದೆ. ಅದಕ್ಕೇ ಹೆಚ್ಚುವರಿಯನ್ನು ಅರ್ಧಕ್ಕಿಳಿಸಿ ಪ್ಯಾಟರ್ನ್ ತಿದ್ದಬೇಕು.

ಉಣ್ಣೆಯಲ್ಲಿ ಹುದುಗಿದ್ದ ಕೈಹೊಲಿಗೆ ಲಿನನ್ ಮೇಲೆ ಎದ್ದು ಕಾಣುತ್ತದೆ. ಅಳತೆ ಅದೇ ಇರಲಿ, ದಾರ ಮಾತ್ರ ತೆಳುವಾಗಲಿ.

ಗುಂಡಿಗಳು ಹಳೆಯವೇ. ಬಟ್ಟೆ ತೆಳುವಾದ್ದರಿಂದ ಗುಂಡಿಯ ಕೆಳಗೆ ಸುತ್ತುವ ದಾರದ ಕಾಲನ್ನು ಗಿಡ್ಡ ಮಾಡಬೇಕು, ಇಲ್ಲವಾದರೆ ಗುಂಡಿ ಜೋತುಬೀಳುತ್ತದೆ. ಲಿನನ್ ಎಳೆ ಬಿಚ್ಚುವ ಬಟ್ಟೆ. ಕಾಜಾ ಕತ್ತರಿಸುವ ಮುನ್ನ ಅದರ ಸುತ್ತ ಸಣ್ಣ ಹೊಲಿಗೆ ಹಾಕಿಕೊಳ್ಳುತ್ತಾರೆ.