ಮೂರೇ ಲೆಕ್ಕದ ಹೋಂವರ್ಕ್

ಮೂರನೇ ತರಗತಿಯಲ್ಲಿ ಇಂದು ದಶಕ ಸಹಿತ ವ್ಯವಕಲನದ ಪಾಠ ಆಗಿದೆ ಎಂದುಕೊಳ್ಳಿ. 52ರಲ್ಲಿ 27 ಕಳೆಯಬೇಕು. ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲವಲ್ಲ ಎಂದು 7ರಲ್ಲಿ 2 ಕಳೆದು 5 ಬರೆಯುತ್ತಾರೆ, ಆಮೇಲೆ 5ರಲ್ಲಿ 2 ಕಳೆದು 3. ಎಲ್ಲಿದ್ದರೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಮಗು ತಾನೇ ಒಂದು ನಿಯಮ ಮಾಡಿಕೊಂಡಿದೆ.

ಗಂಟೆ ಬಾರಿಸುವ ಹೊತ್ತಿಗೆ ಶಿಕ್ಷಕರು ಅಭ್ಯಾಸದ ಹದಿನೈದು ಲೆಕ್ಕಗಳನ್ನೂ ಮಾಡಿಕೊಂಡು ಬನ್ನಿ ಎಂದರೆ ಏನಾಗುತ್ತದೆ? ಓದು ಬಲ್ಲ ಅಪ್ಪ ಅಮ್ಮ ಇರುವ ಮಗುವಿನ ತಪ್ಪು ಎರಡನೇ ಲೆಕ್ಕಕ್ಕೇ ಸಿಕ್ಕಿಬೀಳುತ್ತದೆ. ಕೂಲಿಯಿಂದಲೋ ಗಾರ್ಮೆಂಟ್ಸ್‌ನಿಂದಲೋ ದಣಿದು ಬರುವವರ ಮನೆಯಲ್ಲಿ ಮಗು ಅದೇ ತಪ್ಪನ್ನು ಹದಿನೈದು ಸಲ ಮಾಡಿ, ಅದನ್ನೇ ಗಟ್ಟಿ ಮಾಡಿಕೊಂಡು ಬರುತ್ತದೆ. ಬೆಳಗಾದರೆ ಬೈಗುಳ ಸಿಗುವುದೂ ಅದಕ್ಕೇ. ಇಲ್ಲಿ ಸೋತಿದ್ದು ಮಗುವೂ ಅಲ್ಲ, ಮನೆಯವರೂ ಅಲ್ಲ. ಹೋಂವರ್ಕ್ ಕೊಟ್ಟ ರೀತಿ.

ಸಮಯದ ಲೆಕ್ಕವನ್ನೂ ನೋಡೋಣ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಕೊಡುವಂತಿಲ್ಲ. ಮೂರರಿಂದ ಐದನೇ ತರಗತಿಯವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ವಾರದ ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ, ಅದೂ ಎಲ್ಲಾ ವಿಷಯಗಳೂ ಸೇರಿ. ಎಲ್ಲರೂ ದಿನವೂ ಕೊಟ್ಟರೆ ಒಂದೊಂದು ವಿಷಯಕ್ಕೆ ಐದು ನಿಮಿಷ ಉಳಿಯುತ್ತದೆ. ಹಾಗಾಗಿ ಇಂದು ಗಣಿತ, ನಾಳೆ ಕನ್ನಡ ಎಂದು ಸರದಿ ಹಾಕಿಕೊಳ್ಳುವುದು ಒಳ್ಳೆಯದು.

ಈಗ ಅದೇ ಪಾಠಕ್ಕೆ ಮೂರು ಲೆಕ್ಕಗಳನ್ನು ಆರಿಸೋಣ. ಮೊದಲನೆಯದು 64ರಲ್ಲಿ 38 ಕಳೆಯುವುದು. ಇದನ್ನು ತರಗತಿಯ ಕೊನೆಯ ಐದು ನಿಮಿಷದಲ್ಲಿ ಅಲ್ಲೇ ಮಾಡಿಸಬೇಕು. 26 ಬರೆದವರು ಯಾರು, 34 ಬರೆದವರು ಯಾರು ಎಂಬುದು ಸಾಲುಗಳ ನಡುವೆ ಓಡಾಡುವಾಗಲೇ ಗೊತ್ತಾಗುತ್ತದೆ. 34 ಬರೆದವರೇ ಹೆಚ್ಚಿದ್ದರೆ ಅಂದು ಹೋಂವರ್ಕ್ ಕೊಡಲೇಬಾರದು, ನಾಳೆ ಕಡ್ಡಿ ಕಟ್ಟುಗಳನ್ನು ಬಿಚ್ಚಿ ತೋರಿಸಿ ಪಾಠವನ್ನೇ ಮತ್ತೆ ಮಾಡಬೇಕು. ಅರ್ಥವಾಗದ ಪಾಠವನ್ನು ಮನೆ ಕಲಿಸುವುದಿಲ್ಲ.

ಎರಡನೆಯದು, ಮಾಡಿಟ್ಟ ಒಂದು ಲೆಕ್ಕ. 52ರಲ್ಲಿ 27 ಕಳೆದರೆ 35 ಎಂದು ಒಬ್ಬ ಹುಡುಗ ಬರೆದಿದ್ದಾನೆ, ಸರಿಯೇ, ತಪ್ಪೇ? ನೋಡಲು ಒಂದು ದಾರಿಯನ್ನು ತರಗತಿಯಲ್ಲೇ ಹೇಳಿಕೊಟ್ಟಿರಬೇಕು. ಬಂದ ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿದರೆ ಮೊದಲ ಸಂಖ್ಯೆ ಬರಬೇಕು. 35ಕ್ಕೆ 27 ಕೂಡಿದರೆ 62 ಆಗುತ್ತದೆ, 52 ಅಲ್ಲ. ತಪ್ಪು ಮಗುವಿಗೇ ಕಂಡಿತು. ಅಪ್ಪ ಅಮ್ಮ ನೋಡಿಕೊಡಬೇಕಾಗಿದ್ದ ಕೆಲಸವನ್ನು ಆ ಕೂಡುವ ಲೆಕ್ಕವೇ ಮಾಡಿತು. ಓದು ಬಾರದವರ ಮನೆಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಮೂರನೆಯದು, 43ರಲ್ಲಿ 18 ಕಳೆಯುವುದಕ್ಕೆ ಒಂದು ಕಥೆ ಕಟ್ಟುವುದು. ಅಂಗಡಿಯಾಗಲಿ, ಬಸ್ಸಾಗಲಿ, ಕುರಿ ಮಂದೆಯಾಗಲಿ, ಮಗುವಿನ ಇಷ್ಟ. ಬರೆಯಬೇಕಿಲ್ಲ, ನಾಳೆ ಬಾಯಲ್ಲಿ ಹೇಳಿದರೆ ಸಾಕು. ತಮ್ಮನನ್ನು ಎತ್ತಿಕೊಂಡಿರುವಾಗಲೂ, ನೀರು ಹಿಡಿಯುವಾಗಲೂ ಕಥೆ ಕಟ್ಟಬಹುದು. ಕಳೆಯುವುದೆಂದರೆ ಏನೆಂದು ಮಗುವಿಗೆ ತಿಳಿದಿದೆಯೇ ಎಂಬುದು ಈ ಕಥೆಯಲ್ಲಿ ಗೊತ್ತಾಗುತ್ತದೆ.

ಮಾರನೇ ಬೆಳಿಗ್ಗೆ ಐದು ನಿಮಿಷ ಇದಕ್ಕೇ ಮೀಸಲಿಡಬೇಕು. ಇಬ್ಬರು ಮೂವರ ಕಥೆ ಕೇಳಿ, ಹಲಗೆಯ ಮೇಲೆ ಒಂದು ಹೊಸ ಲೆಕ್ಕ ಬರೆದು ಮಾಡಿಸಬೇಕು. ಪುಸ್ತಕದಲ್ಲಿ ಎಲ್ಲವೂ ಸರಿಯಿದ್ದು ಈ ಲೆಕ್ಕ ತಪ್ಪಾದರೆ, ಮನೆಯಲ್ಲಿ ಬೇರೆಯವರು ಮಾಡಿಕೊಟ್ಟಿದ್ದಾರೆ ಅಥವಾ ಪ್ರಾರ್ಥನೆಗೆ ಮುಂಚೆ ಗೆಳೆಯನ ಪುಸ್ತಕ ನೋಡಿ ಬರೆದದ್ದು ಎಂದು ಅರ್ಥ. ಮಾಡಿಕೊಂಡು ಬಾರದ ಮಗುವನ್ನು ನಿಲ್ಲಿಸಿ ಅವಮಾನಿಸುವ ಬದಲು, ಬಿಸಿಯೂಟದ ಮುಂಚೆ ಹತ್ತು ನಿಮಿಷ ಶಾಲೆಯಲ್ಲೇ ಕೂತು ಮಾಡಲು ಜಾಗ ಕೊಡಬೇಕು.

ಚಾರ್ಟ್, ಥರ್ಮಾಕೋಲ್ ಮಾದರಿ, ಇಂಟರ್‌ನೆಟ್‌ನಿಂದ ಪ್ರಿಂಟ್ ತೆಗೆದ ಚಿತ್ರ, ಇವೆಲ್ಲ ಪೋಷಕರ ಜೇಬಿನ ಪರೀಕ್ಷೆಯೇ ಹೊರತು ಮಗುವಿನ ಕಲಿಕೆಯಲ್ಲ. ಅಪ್ಪನನ್ನೇ ಕೇಳಿಕೊಂಡು ಬಾ ಎನ್ನುವುದೂ ಬೇಡ, ಕೆಲವು ಮಕ್ಕಳಿಗೆ ಅಪ್ಪ ಇರುವುದಿಲ್ಲ. ಮನೆಯಲ್ಲೋ ಪಕ್ಕದಲ್ಲೋ ದೊಡ್ಡವರೊಬ್ಬರನ್ನು ಕೇಳು ಎಂದರೆ ಸಾಕು.

ಈ ಕ್ರಮಕ್ಕೂ ಮಿತಿಯಿದೆ. ಮಗ್ಗಿ ಬಾಯಿಗೆ ಬರಲು, ಸರಾಗವಾಗಿ ಓದಲು ಮೂರು ಲೆಕ್ಕದಷ್ಟು ಅಭ್ಯಾಸ ಸಾಲದು. ಆ ಅಭ್ಯಾಸವನ್ನು ದಿನವೂ ಶಾಲೆಯ ಹೊತ್ತಿನಲ್ಲೇ ಮಾಡಿಸಬೇಕು, ಮನೆಗೆ ಸಾಗಹಾಕಬಾರದು.

ಶಿಕ್ಷಕರಲ್ಲಿ ಒಂದು ವಿನಂತಿ. ನಾಳೆ ಹಲಗೆಯ ಮೇಲೆ ಹೋಂವರ್ಕ್ ಬರೆಯುವ ಮುನ್ನ ನಿಮ್ಮ ತರಗತಿಯಲ್ಲಿ ಮನೆಯ ಆಸರೆ ತೀರಾ ಕಡಿಮೆ ಇರುವ ಮಗುವನ್ನು ನೆನೆಯಿರಿ. ಆ ಮಗು ಯಾರನ್ನೂ ಕೇಳದೆ, ಏನನ್ನೂ ಕೊಳ್ಳದೆ, 20 ನಿಮಿಷದಲ್ಲಿ ಮಾಡಿ ಮುಗಿಸಬಲ್ಲದು ಎನಿಸಿದರೆ ಮಾತ್ರ ಅದನ್ನು ಕೊಡಿ.