ಭಟ್ಟರು ಒಪ್ಪಿದ್ದು ಎಷ್ಟಕ್ಕೆ?

ಮದುವೆ ಅಡುಗೆಯ ಮಾತುಕತೆ ಈಗ ಎಷ್ಟೋ ಮನೆಗಳಲ್ಲಿ ಫೋನಿನಲ್ಲೇ ಮುಗಿಯುತ್ತದೆ. ಭಟ್ಟರಿಗೆ ಮೊದಲೇ ತಿಳಿಸಿ ಕರೆಯನ್ನು ರೆಕಾರ್ಡ್ ಮಾಡಿಕೊಳ್ಳುವವರೂ ಇದ್ದಾರೆ. ಆದರೆ ಇಪ್ಪತ್ತು ನಿಮಿಷದ ಆ ಮಾತನ್ನು ಮದುವೆಯ ಗಡಿಬಿಡಿಯಲ್ಲಿ ಮತ್ತೆ ಕೂತು ಕೇಳಲು ಯಾರಿಗೂ ಬಿಡುವಿರುವುದಿಲ್ಲ. ಹಾಗಾಗಿ ಅದೇ ದಿನ ಅದನ್ನು ಅರ್ಧ ಹಾಳೆಗೆ ಇಳಿಸಿಡಬೇಕು. ಇಳಿಸುವಾಗ ನೆನಪಿಡಬೇಕಾದದ್ದು ಇಷ್ಟೇ: ಕರೆಯಲ್ಲಿ ಆಡಿದ ಮಾತೆಲ್ಲ ಒಪ್ಪಿಗೆಯಲ್ಲ.

ಉದಾಹರಣೆಗೆ ಒಂದು ಕರೆಯನ್ನು ನೋಡೋಣ. ಮುಹೂರ್ತದ ದಿನ ಬೆಳಗಿನ ತಿಂಡಿ 200 ಎಲೆ, ಎಲೆಗೆ 110 ರೂಪಾಯಿ. ಮಧ್ಯಾಹ್ನದ ಊಟ 400 ಎಲೆ, ಎಲೆಗೆ 320 ರೂಪಾಯಿ. ಇಲ್ಲಿಯವರೆಗೆ ಗೊಂದಲವಿಲ್ಲ, ಎರಡೂ ಸೇರಿ 1,50,000. ಅಷ್ಟರಲ್ಲಿ ಹುಡುಗಿಯ ತಾಯಿ ಫೋನು ತೆಗೆದುಕೊಂಡು, "ಸ್ವೀಟು ಬರೀ ಚಿರೋಟಿ ಸಾಲಲ್ಲ ಭಟ್ರೇ, ಒಬ್ಬಟ್ಟು ಬೇಕೇ ಬೇಕು" ಅನ್ನುತ್ತಾರೆ. "ಹಾಕೋಣಮ್ಮ, ಎಲೆಗೆ ಇಪ್ಪತ್ತು ಜಾಸ್ತಿ ಆಗುತ್ತೆ" ಅನ್ನುತ್ತಾರೆ ಭಟ್ಟರು. ಮಾತು ಸಾರು, ಹುಳಿ, ಆಂಬೊಡೆಯ ಕಡೆ ಹೊರಳುತ್ತದೆ. ಕೊನೆಗೆ ತಂದೆ, "ಒಬ್ಬಟ್ಟೂ ಸೇರಿಸಿ ಆ 320ಕ್ಕೇ ಮಾಡಿಕೊಡಿ" ಎಂದಾಗ ಭಟ್ಟರು ನಕ್ಕು, "ನೋಡೋಣ ಬಿಡಿ ಸ್ವಾಮಿ, ನಮ್ಮೋರೇ ಅಲ್ವಾ" ಎಂದು ಫೋನಿಡುತ್ತಾರೆ.

ಈ ಮನೆಯವರು ತಮ್ಮ ಟಿಪ್ಪಣಿಯಲ್ಲಿ "ಒಬ್ಬಟ್ಟು ಸೇರಿ 320" ಎಂದು ಬರೆದುಕೊಂಡರೆ ಅದು ತಪ್ಪು. ಭಟ್ಟರು ಹಾಗೆ ಎಲ್ಲೂ ಒಪ್ಪಿಲ್ಲ. "340" ಎಂದು ಬರೆದರೂ ತಪ್ಪೇ, ಏಕೆಂದರೆ ಮನೆಯವರು ಅದನ್ನು ಒಪ್ಪಿಲ್ಲ. ಮೆನುವಿನಲ್ಲಿ ಒಬ್ಬಟ್ಟು ಖಚಿತ, ಅದರ ದರ ಮಾತ್ರ ಬಾಕಿ. 400 ಎಲೆಗೆ ಇದು 8,000 ರೂಪಾಯಿಯ ವ್ಯತ್ಯಾಸ. ಅದಕ್ಕೇ ಹಾಳೆಯ ಕೆಳಗೆ "ತೀರ್ಮಾನವಾಗದ್ದು" ಎಂದು ಬರೆದು ಒಂದಿಷ್ಟು ಜಾಗ ಬಿಡಬೇಕು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಹೆಚ್ಚು ಬೆಲೆಬಾಳುವ ಜಾಗ ಅದೇ. ಒಂದೇ ವಿಷಯ ಎರಡು ಸಲ ಬಂದಿದ್ದರೆ, ಇಬ್ಬರೂ ಒಪ್ಪಿದ ಕೊನೆಯ ಮಾತನ್ನು ಹಿಡಿಯಬೇಕು. ಅದು ರೆಕಾರ್ಡಿಂಗಿನ ಎಷ್ಟನೇ ನಿಮಿಷದಲ್ಲಿದೆ ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡರೆ ಮುಂದೆ ಹುಡುಕಾಡುವುದು ತಪ್ಪುತ್ತದೆ. ಫೋನಿನಲ್ಲಿ ಇನ್ನೂರೈವತ್ತು ಮುನ್ನೂರೈವತ್ತಾಗಿ ಕೇಳಿಸುವುದುಂಟು, ಆದ್ದರಿಂದ ಅಂಕಿ ಇರುವ ಜಾಗವನ್ನು ಎರಡು ಸಲ ಕೇಳಿ.

ಎಲೆಯ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. 400 ಎಂದರೆ ಬರಬಹುದಾದ ಜನರ ಅಂದಾಜೋ, ಕನಿಷ್ಠ ಗ್ಯಾರಂಟಿಯೋ? ಗ್ಯಾರಂಟಿಯಾದರೆ 340 ಎಲೆ ಬಿದ್ದರೂ 400ರ ಹಣ ಕೊಡಬೇಕು. ಹೆಚ್ಚು ಜನ ಬಂದರೆ ಎಷ್ಟು ಎಲೆಯವರೆಗೆ ಅಡುಗೆ ಸಾಲುತ್ತದೆ, ಆ ಹೆಚ್ಚುವರಿ ಎಲೆಗೆ ಅದೇ ದರವೇ ಎಂಬುದೂ ಬರಹಕ್ಕೆ ಬರಬೇಕು. ವಾಲಗದವರು, ಫೋಟೋದವರು, ಡ್ರೈವರುಗಳು ಉಂಡ ಎಲೆಯೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. "ಎಲ್ಲಾ ಸೇರಿ" ಎಂದು ಭಟ್ಟರು ಹೇಳಿದ್ದರೆ ಆ ಎಲ್ಲದರಲ್ಲಿ ಬಾಳೆಎಲೆ, ನೀರಿನ ಬಾಟಲಿ, ಗ್ಯಾಸು, ಬಡಿಸುವವರ ಕೂಲಿ ಇವೆಯೇ ಎಂಬುದನ್ನೂ ಬಿಡಿಸಿ ಬರೆಯಿರಿ.

ಹಣದ ಮಾತಿಗೆ ಬಂದರೆ, ಈ ಕರೆಯಲ್ಲಿ ಭಟ್ಟರು, "ಈಗ 25 ಸಾವಿರ ಅಡ್ವಾನ್ಸ್ ಕೊಡಿ, ವಾರ ಮುಂಚೆ ಅರ್ಧ ಕೊಡಿ, ಉಳಿದಿದ್ದು ಎಲೆ ಲೆಕ್ಕ ಆದಮೇಲೆ" ಎಂದಿದ್ದಾರೆ. ಯಾವುದರ ಅರ್ಧ? ಒಟ್ಟು 1,50,000ದ ಅರ್ಧವಾದರೆ 75,000. ಮುಂಗಡ ಕಳೆದು ಉಳಿದದ್ದರ ಅರ್ಧವಾದರೆ 62,500. ಮುಂಗಡವೂ ಸೇರಿ ಅರ್ಧವಾಗಬೇಕೆಂದರೆ 50,000 ಸಾಕು. ಸಾರಾಂಶದಲ್ಲಿ "ಅರ್ಧ" ಎಂದಷ್ಟೇ ಬರೆಯದೆ, ಕೇಳಿಕೊಂಡು ರೂಪಾಯಿಯಲ್ಲೇ ಬರೆಯಬೇಕು. "ಟ್ಯಾಕ್ಸ್ ಬೇರೆ" ಎಂಬ ಮಾತು ಬಂದಿದ್ದರೆ, ಶೇಕಡಾ 5ರಂತೆ ಇನ್ನೂ 7,500 ಸೇರುತ್ತದೆ.

ಬರೆದು ಮುಗಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಭಟ್ಟರು ನೋಡಿ ಒಪ್ಪುವವರೆಗೂ ಅದು ನಿಮ್ಮ ಕೈಬರಹದ ಟಿಪ್ಪಣಿ, ಅಷ್ಟೇ. ಅವರ ವಾಟ್ಸಾಪಿಗೆ ಹೀಗೆ ಕಳಿಸಿ: "ಭಟ್ರೇ, ಬೆಳಗಿನ ಮಾತಿನಂತೆ ತಿಂಡಿ 200 ಎಲೆ, 110 ರೂ. ಊಟ 400 ಎಲೆ, 320 ರೂ. ಸ್ವೀಟು ಚಿರೋಟಿ, ಒಬ್ಬಟ್ಟು. ಅಡ್ವಾನ್ಸ್ 25,000. ಇನ್ನು ಮೂರು ವಿಷಯ ನೀವೇ ಹೇಳಬೇಕು: ಒಬ್ಬಟ್ಟಿಗೆ ಬೇರೆ ದುಡ್ಡು ಉಂಟೇ, 400 ಎಲೆ ಕನಿಷ್ಠ ಗ್ಯಾರಂಟಿಯೇ, ವಾರ ಮುಂಚೆ ಎಷ್ಟು ರೂಪಾಯಿ ಕೊಡಬೇಕು?" ಅನುಭವಸ್ಥ ಭಟ್ಟರು ಇದಕ್ಕೆ ಬೇಸರಪಡುವುದಿಲ್ಲ. ಸಾಮಾನಿನ ಪಟ್ಟಿ ಹಾಕಲು ಅವರಿಗೂ ಇದೇ ಲೆಕ್ಕ ಬೇಕು. ಆ ಮೂರಕ್ಕೂ ಉತ್ತರ ಬಂದ ಮೇಲೆಯೇ ಮುಂಗಡ ಕೊಡಿ.