ಬದಲಾಗದ ಅಂಕಿ

2017ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಜಿಮ್ ಒಂದರಲ್ಲಿ ಬಾಬ್ ಹಾರ್ಪರ್ ಕುಸಿದುಬಿದ್ದರು. ಹೃದಯಾಘಾತ. ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಅಮೆರಿಕದ ಟಿವಿ ಕಾರ್ಯಕ್ರಮದಲ್ಲಿ ಸ್ಥೂಲಕಾಯದವರ ತೂಕ ಇಳಿಸಿಯೇ ಹೆಸರಾದ ತರಬೇತುದಾರ ಅವರು. ಆಗ ವಯಸ್ಸು 51, ಮೈಯಲ್ಲಿ ಬೊಜ್ಜಿನ ಸುಳಿವಿಲ್ಲ. ಅದೃಷ್ಟಕ್ಕೆ ಅಲ್ಲೇ ಇದ್ದ ವೈದ್ಯರೊಬ್ಬರು ಎದೆ ಒತ್ತಿ ಜೀವ ಉಳಿಸಿದರು. ಅವರ ತಾಯಿ ತೀರಿಕೊಂಡದ್ದೂ ಹೃದಯಾಘಾತದಿಂದಲೇ. ಹುಷಾರಾದ ಮೇಲೆ ಹಾರ್ಪರ್ ಸಂದರ್ಶನಗಳಲ್ಲಿ ಒಂದು ಹೆಸರನ್ನು ಮತ್ತೆ ಮತ್ತೆ ಹೇಳಿದರು: ಲೈಪೊಪ್ರೋಟೀನ್ ಎ. ಅದು ಅವರ ರಕ್ತದಲ್ಲಿ ಬಹಳ ಹೆಚ್ಚಿತ್ತು.

ನಾರ್ವೆಯ ತಳಿವಿಜ್ಞಾನಿ ಕೋರೆ ಬರ್ಗ್ ಇದನ್ನು 1963ರಲ್ಲೇ ಗುರುತಿಸಿದ್ದರು. ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ನಾವು ಕರೆಯುವ ಎಲ್‌ಡಿಎಲ್ ಕಣಕ್ಕೆ ಉದ್ದನೆಯ ಪ್ರೋಟೀನಿನ ಬಾಲವೊಂದು ಅಂಟಿಕೊಂಡರೆ ಅದೇ ಲೈಪೊಪ್ರೋಟೀನ್ ಎ. ಆ ಬಾಲದ ತುಂಬ ಸುರುಳಿಗಳು. ಸ್ಕ್ಯಾಂಡಿನೇವಿಯಾದ ಕ್ರಿಂಗಲ್ ಎಂಬ ಸುತ್ತುತಿಂಡಿಯ ಹೆಸರನ್ನೇ ವಿಜ್ಞಾನಿಗಳು ಅವಕ್ಕೆ ಇಟ್ಟಿದ್ದಾರೆ. ನಮ್ಮಲ್ಲಿ ಕಂಡುಹಿಡಿದಿದ್ದರೆ ಜಿಲೇಬಿ ಎನ್ನುತ್ತಿದ್ದೆವೋ ಏನೋ.

ಈ ಸುರುಳಿಗಳ ಸಂಖ್ಯೆಯಲ್ಲೇ ಗುಟ್ಟಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಜೀನ್ ಬಂದಿರುತ್ತದೆ. ಎಷ್ಟು ಸುರುಳಿ ಎಂದು ಅವು ನಿರ್ಧರಿಸುತ್ತವೆ. ಸುರುಳಿ ಹೆಚ್ಚಿದ್ದರೆ ಬಾಲ ಉದ್ದ. ಅದನ್ನು ತಯಾರಿಸಿ ಹೊರಬಿಡಲು ಪಿತ್ತಜನಕಾಂಗಕ್ಕೆ ಹೊತ್ತು ಬೇಕು. ಬಾಲ ಗಿಡ್ಡವಾದರೆ ಕೆಲಸ ಸಲೀಸು, ರಕ್ತಕ್ಕೆ ಬರುವ ಕಣಗಳೂ ಜಾಸ್ತಿ. ಮಗುವಿಗೆ ಸುಮಾರು ಐದು ವರ್ಷವಾಗುವಷ್ಟರಲ್ಲಿ ಈ ಮಟ್ಟ ನೆಲೆ ನಿಲ್ಲುತ್ತದೆ. ಆಮೇಲೆ ತುಪ್ಪ ಬಿಟ್ಟರೂ ಅಷ್ಟೆ, ದಿನಾ ಐದು ಕಿಲೋಮೀಟರ್ ನಡೆದರೂ ಅಷ್ಟೆ, ಅದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಸಕ್ಕರೆಯನ್ನು ಮೂರು ತಿಂಗಳಿಗೊಮ್ಮೆ ನೋಡಿಸುವ ಹಾಗೆ ಇದನ್ನು ನೋಡಿಸಬೇಕಿಲ್ಲ ಎನ್ನುವುದು ಇದಕ್ಕೇ. ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಕೊರತೆ, ಮುಟ್ಟು ನಿಲ್ಲುವ ಕಾಲ ಇಂಥವು ಅದನ್ನು ಸ್ವಲ್ಪ ಅಲುಗಿಸಬಹುದು. ಆಗ ವೈದ್ಯರು ಇನ್ನೊಮ್ಮೆ ಅಳೆಸಬಹುದು. ಜ್ವರ, ಸೋಂಕು ಇದ್ದಾಗ ಅಳೆಸದಿರುವುದು ಒಳ್ಳೆಯದು.

ಪ್ರತಿ ವಯಸ್ಕರೂ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಪರೀಕ್ಷಿಸಿಕೊಳ್ಳಲಿ ಎಂದು ಯುರೋಪಿನ ಹೃದ್ರೋಗ ತಜ್ಞರು 2019ರಲ್ಲೂ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲೂ ಹೇಳಿದವು. ಆದರೆ ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಇರುವುದಿಲ್ಲ, ಪ್ರತ್ಯೇಕವಾಗಿ ಬರೆಸಬೇಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಹೆಚ್ಚು ಎಂದು ಲೆಕ್ಕ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರು ಈ ಗೆರೆಯ ಮೇಲಿದ್ದಾರೆ. ಕೆಲವು ಲ್ಯಾಬುಗಳು ನ್ಯಾನೊಮೋಲ್‌ನಲ್ಲಿ ಕೊಡುತ್ತವೆ, ಅಲ್ಲಿ ಗೆರೆ 125. ಬಾಲದ ಉದ್ದ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಒಂದನ್ನು ಇನ್ನೊಂದಕ್ಕೆ ಕರಾರುವಾಕ್ಕಾಗಿ ಬದಲಿಸಲಾಗದು. ರಿಪೋರ್ಟು ನೋಡುವಾಗ ಅಂಕಿಯ ಪಕ್ಕದ ಮಾನವನ್ನು ಓದದೆ ಗಾಬರಿಯಾಗುವವರೂ ಉಂಟು, ನಿರಾಳರಾಗುವವರೂ ಉಂಟು.

ಇಳಿಸಲಾಗದ್ದನ್ನು ಅಳೆದು ಮಾಡುವುದೇನು? ಈ ಪ್ರಶ್ನೆಯನ್ನು ವೈದ್ಯರೇ ಬಹುಕಾಲ ಕೇಳಿ ಪರೀಕ್ಷೆ ಬರೆಯದೆ ಬಿಟ್ಟರು. ಉತ್ತರ ಗುಣಾಕಾರದಲ್ಲಿದೆ. ಇಬ್ಬರ ಲೈಪೊಪ್ರೋಟೀನ್ ಎ ಮಟ್ಟವೂ 100 ಮಿಲಿಗ್ರಾಂ ಎಂದುಕೊಳ್ಳಿ. ಯುರೋಪಿನ ತಜ್ಞರು 2022ರಲ್ಲಿ ಕೊಟ್ಟ ಲೆಕ್ಕದಂತೆ ಈ ಮಟ್ಟ ಇರುವ ಅಪಾಯವನ್ನು ಹತ್ತಿರ ಹತ್ತಿರ ಎರಡರಷ್ಟು ಮಾಡುತ್ತದೆ. ಮೊದಲನೆಯವರಿಗೆ ಬಿಪಿ, ಸಕ್ಕರೆ, ಎಲ್‌ಡಿಎಲ್ ಎಲ್ಲ ಹತೋಟಿಯಲ್ಲಿದ್ದು ಹೃದಯಾಘಾತ ಅಥವಾ ಪಾರ್ಶ್ವವಾಯುವಿನ ಅಪಾಯ ಶೇ 5 ಇದ್ದರೆ ಅದು ಸುಮಾರು 10 ಆಗುತ್ತದೆ. ಎರಡನೆಯವರು ಸಿಗರೇಟು ಸೇದುವವರು, ಬಿಪಿ ಏರಿದೆ, ಅಪಾಯ ಮೊದಲೇ ಶೇ 25. ಅವರದು 50ರ ಸಮೀಪಕ್ಕೆ ಹೋಗುತ್ತದೆ. ಗುಣಿಸುವ ಅಂಕಿ ಕೈಯಲ್ಲಿಲ್ಲ. ಗುಣಿಸಲ್ಪಡುವ ಅಂಕಿ ಕೈಯಲ್ಲಿದೆ. ಹಾಗಾಗಿ ಮಟ್ಟ ಹೆಚ್ಚಿದ್ದವರಿಗೆ ವೈದ್ಯರು ಎಲ್‌ಡಿಎಲ್ ಗುರಿಯನ್ನು ಇನ್ನಷ್ಟು ಕೆಳಗಿಡುತ್ತಾರೆ, ಬಿಪಿಯನ್ನು ಬಿಗಿಯಾಗಿ ನೋಡುತ್ತಾರೆ, ಸ್ಟ್ಯಾಟಿನ್ ಮಾತ್ರೆಯನ್ನು ಬೇಗ ಶುರು ಮಾಡುತ್ತಾರೆ.

ಸ್ಟ್ಯಾಟಿನ್ ಲೈಪೊಪ್ರೋಟೀನ್ ಎಯನ್ನು ಇಳಿಸುವುದಿಲ್ಲ. ಕೆಲವೊಮ್ಮೆ ಚೂರು ಏರಿಸುವುದೂ ಇದೆ. ಅದನ್ನು ಕೊಡುವುದು ಎಲ್‌ಡಿಎಲ್ ತಗ್ಗಿಸಲು, ಆ ಲಾಭ ನಿಜವಾದದ್ದು. ರಿಪೋರ್ಟಿನಲ್ಲಿ ಅಂಕಿ ಕದಲಲಿಲ್ಲವೆಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಪಿಸಿಎಸ್‌ಕೆ9 ತಡೆಯುವ ಚುಚ್ಚುಮದ್ದುಗಳು ಮಟ್ಟವನ್ನು ಕಾಲು ಭಾಗದಷ್ಟು ತಗ್ಗಿಸುತ್ತವೆ. ಪೆಲಾಕಾರ್ಸನ್, ಓಲ್ಪಾಸಿರಾನ್‌ನಂಥ ಹೊಸ ಮದ್ದುಗಳು ಪಿತ್ತಜನಕಾಂಗದೊಳಗೆ ಜೀನಿನ ಸಂದೇಶವನ್ನೇ ಕತ್ತರಿಸುತ್ತವೆ. ಮಟ್ಟ ಶೇ 80ಕ್ಕೂ ಹೆಚ್ಚು ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಹಾಗೆ ಇಳಿದರೆ ಹೃದಯಾಘಾತವೂ ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಸಾವಿರಾರು ರೋಗಿಗಳ ದೊಡ್ಡ ಪ್ರಯೋಗಗಳನ್ನು ಕೈಗೊಳ್ಳಲಾಗಿದೆ.

ಇದೇ ಕಣ ಹೃದಯದ ಮಹಾಪಧಮನಿ ಕವಾಟದಲ್ಲಿ ಸುಣ್ಣ ಕಟ್ಟಿಸಿ ಅದನ್ನು ಕಿರಿದಾಗಿಸುತ್ತದೆ. ಮಟ್ಟ ಹೆಚ್ಚಿದ್ದವರು ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರದೆ ಎಕೋ ಮಾಡಿಸುವುದು ಇದಕ್ಕೇ.

ಒಬ್ಬರ ರಿಪೋರ್ಟು ಮನೆಯವರ ಕತೆಯನ್ನೂ ಹೇಳುತ್ತದೆ. ಗಿಡ್ಡ ಬಾಲದ ಜೀನ್ ಒಂದೇ ಇದ್ದರೆ ಅದು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ 120, ತಂಗಿಗೆ 8 ಇರುವುದು ಹೀಗೆ. ಆದ್ದರಿಂದ ಹೆಚ್ಚು ಬಂದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ಪರೀಕ್ಷೆ ಮಾಡಿಸಲು ಹೇಳುತ್ತಾರೆ. 8 ಬಂದ ತಂಗಿ ಸಾಮಾನ್ಯವಾಗಿ ಮತ್ತೆ ಅಳೆಸಬೇಕಿಲ್ಲ. ಅಣ್ಣನ ಬಿಪಿ ಪುಸ್ತಕ ಮಾತ್ರ ಆ ದಿನದಿಂದ ತೆರೆದುಕೊಳ್ಳುತ್ತದೆ.